ನೆರಳಲ್ಲಿ ಲೀಸಾ, ನೆರಳಲ್ಲಿ ಮ್ಯಾಗಿ

ಕ್ವಿಜ್ ಪರದೆಯ ಮೇಲೆ ಬರೀ ಕಪ್ಪು ನೆರಳು. ಬಣ್ಣವಿಲ್ಲ, ಕಣ್ಣುಮೂಗಿಲ್ಲ. ಮಿಕ್ಕಿ ಮೌಸ್ ಆದರೆ ಕಷ್ಟವಿಲ್ಲ: ತಲೆ ಎತ್ತ ತಿರುಗಿದರೂ ಎರಡು ಕಿವಿಯೂ ದುಂಡಗೇ ಕಾಣುವಂತೆ ಬರೆಯುತ್ತಾರೆ. ನಿಜವಾದ ಇಲಿಗೆ ಅದು ಸಾಧ್ಯವಿಲ್ಲ, ಆ ಮಾತು ಬೇರೆ.

ತಿಣುಕಿಸುವುದು ‘ದಿ ಸಿಂಪ್ಸನ್ಸ್’ ಕುಟುಂಬ. 1987ರಲ್ಲಿ ಟೀವಿಗೆ ಬಂದ ಇವರನ್ನು ನೆರಳಲ್ಲೇ ಗುರುತು ಹಿಡಿಯುವಂತಿರಬೇಕು ಎಂದೇ ಮ್ಯಾಟ್ ಗ್ರೋನಿಂಗ್ ರೂಪಿಸಿದ್ದು. ಅಮ್ಮ ಮಾರ್ಜ್‌ಗೆ ಗೋಪುರದಂಥ ಕೂದಲು, ಮಗ ಬಾರ್ಟ್‌ನ ನೆತ್ತಿ ಮೇಲೆ ಗರಗಸದ ಹಲ್ಲು. ಆದರೆ ಅವನ ತಂಗಿಯರಾದ ಲೀಸಾ, ಮ್ಯಾಗಿ ಇಬ್ಬರದೂ ನಕ್ಷತ್ರದಂತೆ ಮುಳ್ಳುಮುಳ್ಳು ತಲೆ. ತಲೆಯನ್ನಷ್ಟೇ ಕತ್ತರಿಸಿ ತೋರಿಸಿದರೆ ಅವಸರದವರು ‘ಲೀಸಾ’ ಎಂದುಬಿಡುತ್ತಾರೆ. ತಾಳಿ. ನೆತ್ತಿಯಲ್ಲಿ ರಿಬ್ಬನ್ ಗಂಟು ಎದ್ದಿದೆಯೇ, ಬಾಯಿಯ ಬಳಿ ಚೀಪುವ ನಿಪ್ಪಲ್ ಉಬ್ಬಿದೆಯೇ ನೋಡಿ. ಇದ್ದರೆ ಮ್ಯಾಗಿ. ಪೂರ್ತಿ ಮೈ ಕಂಡರಂತೂ ಅಳತೆಯೇ ಹೇಳುತ್ತದೆ: ಮ್ಯಾಗಿ ಇನ್ನೂ ಕೂಸು, ಮೈಗಿಂತ ತಲೆಯೇ ಎದ್ದು ಕಾಣುತ್ತದೆ, ಕಾಲು ಉಡುಪಿನೊಳಗೆ ಅಡಗಿರುತ್ತದೆ. ಲೀಸಾಳಿಗೆ ಫ್ರಾಕಿನ ಅಂಚೂ ಮುಳ್ಳುಮುಳ್ಳು, ಅದರ ಕೆಳಗೆ ಎರಡು ಕಾಲು.

ಬರೀ ಎರಡು ಮುಳ್ಳಿನ ತುಂಡು ಕೊಟ್ಟರೆ ಮಾತ್ರ ಯಾರಿಂದಲೂ ಆಗದು. ಅಲ್ಲಿ ತಪ್ಪು ಪ್ರಶ್ನೆ ಕೇಳಿದವರದು.