‘ನಷ್ಟ’ ಎಂಬ ಒಂದೇ ಮಾತು ಸಾಲದು

ತಾಲ್ಲೂಕು ಕೇಂದ್ರದ ದೂರವಾಣಿ ಕೇಂದ್ರದಿಂದ ಒಂದು ಗ್ರಾಮ ಪಂಚಾಯಿತಿ ಕಚೇರಿಗೆ 12 ಕಿಲೋಮೀಟರ್ ಫೈಬರ್ ಕೇಬಲ್ ಎಳೆಯಬೇಕು ಎಂದಿಟ್ಟುಕೊಳ್ಳಿ. ಒಂದೊಂದು ಡ್ರಮ್ಮಿನಲ್ಲಿ 2 ಕಿಲೋಮೀಟರ್ ಕೇಬಲ್ ಇದ್ದರೆ ಆರು ಡ್ರಮ್ ಬೇಕು, ದಾರಿಯಲ್ಲಿ ಐದು ಕಡೆ ಸ್ಪ್ಲೈಸಿಂಗ್ ಮಾಡಬೇಕು. ಎರಡೂ ತುದಿಯಲ್ಲಿ ಪಿಗ್‌ಟೇಲ್ ಬೆಸೆಯುವುದೂ ಸೇರಿದರೆ ಸ್ಪ್ಲೈಸ್ ಏಳಾಯಿತು. ಪ್ರತಿ ತುದಿಯಲ್ಲೂ ಪಿಗ್‌ಟೇಲಿನ ಕನೆಕ್ಟರ್ ಮತ್ತು ಪ್ಯಾಚ್ ಕಾರ್ಡಿನ ಕನೆಕ್ಟರ್ ಅಡಾಪ್ಟರಿನೊಳಗೆ ಎದುರುಬದುರಾಗಿ ಕೂರುತ್ತವೆ.

ಇಂಥ ಕೆಲಸದ ಇಂಗ್ಲಿಷ್ ಸೂಚನಾಪತ್ರದಲ್ಲಿ ಮೂರು ಮಿತಿಗಳಿವೆ ಎನ್ನೋಣ: ಅಟೆನ್ಯುಯೇಶನ್ 0.35, ಸ್ಪ್ಲೈಸ್ ಲಾಸ್ 0.1, ಕನೆಕ್ಟರ್ ಲಾಸ್ 0.5. ಮೂರನ್ನೂ ‘ನಷ್ಟ’ ಎಂದು ಕನ್ನಡಿಸಿದರೆ ಓದಲು ಸರಾಗವಾಗಿರುತ್ತದೆ, ಕೆಲಸ ಮಾತ್ರ ಕೆಡುತ್ತದೆ. ಮೊದಲನೆಯದು ಗಾಜಿನ ಎಳೆಯೊಳಗೆ ಸಾಗುತ್ತಾ ಬೆಳಕು ಕುಂದುವ ಪ್ರಮಾಣ. ಅದನ್ನು ಕಿಲೋಮೀಟರಿಗೆ ಇಷ್ಟು ಡಿಬಿ ಎಂದು ಲೆಕ್ಕ ಹಾಕುತ್ತಾರೆ. ಉಳಿದೆರಡು ಒಂದೊಂದು ಜಾಗದಲ್ಲಿ ಒಮ್ಮೆಗೆ ಆಗುವಂಥವು, ಅಲ್ಲಿ ದೂರದ ಮಾತೇ ಬರುವುದಿಲ್ಲ. ಡಿಬಿ ಎಂದರೆ ಡೆಸಿಬೆಲ್. 3 ಡಿಬಿ ಹೋದರೆ ಬೆಳಕು ಅರ್ಧಕ್ಕಿಳಿದಂತೆ.

ಲೆಕ್ಕ ಹೀಗೆ: ಹನ್ನೆರಡು ಕಿಲೋಮೀಟರಿಗೆ 4.2, ಏಳು ಸ್ಪ್ಲೈಸಿಗೆ 0.7, ಎರಡು ತುದಿಗೆ ತಲಾ 0.5ರಂತೆ 1, ಒಟ್ಟು 5.9 ಡಿಬಿ. ಅನುವಾದಕ ‘ಕಿಲೋಮೀಟರಿಗೆ’ ಎಂಬುದನ್ನು ಬಿಟ್ಟರೆ ಮಿತಿ 2.05ಕ್ಕೆ ಇಳಿಯುತ್ತದೆ; ಚೆನ್ನಾಗಿರುವ ಲೈನೂ ನಪಾಸಾಗುತ್ತದೆ. ಇದು ಅಷ್ಟು ಅಪಾಯದ ತಪ್ಪಲ್ಲ, ಯಾರಾದರೂ ತಕರಾರು ಎತ್ತಿಯೇ ಎತ್ತುತ್ತಾರೆ. ಅಪಾಯ ಇರುವುದು ಕನೆಕ್ಟರಿನ ಸಾಲಿನಲ್ಲಿ. ಆ 0.5 ಡಿಬಿ ಅಡಾಪ್ಟರಿನಲ್ಲಿ ಕೂಡಿದ ಜೋಡಿಗೆ, ಬಿಡಿ ಕನೆಕ್ಟರಿಗಲ್ಲ. ‘ಪ್ರತಿ ಕನೆಕ್ಟರಿಗೆ’ ಎಂದು ಬರೆದುಬಿಟ್ಟರೆ ನಾಲ್ಕು ಕನೆಕ್ಟರಿಗೆ 2 ಡಿಬಿ ಸಿಕ್ಕಿ, ಮಿತಿ 6.9ಕ್ಕೆ ಏರುತ್ತದೆ. ದೂಳು ಹಿಡಿದ ಕನೆಕ್ಟರಿನ ದೋಷವೆಲ್ಲ ಆ ಹೆಚ್ಚುವರಿ 1 ಡಿಬಿಯೊಳಗೆ ಅಡಗಿ ಕೂರಬಹುದು. ಲೈನ್ ಪಾಸಾದ ಮೇಲೆ ಅದನ್ನು ಹುಡುಕುವವರು ಯಾರು?

ಅಂಕಿಯ ಜೊತೆ ಬೆಳಕಿನ ತರಂಗಾಂತರವೂ ಇರಲೇಬೇಕು. 0.35 ಎಂಬುದು 1310 ನ್ಯಾನೊಮೀಟರಿನ ಮಾತು. ಅದೇ ಎಳೆ 1550ರಲ್ಲಿ ಕಿಲೋಮೀಟರಿಗೆ ಸುಮಾರು 0.2 ಡಿಬಿ ಮಾತ್ರ ಕಳೆಯುತ್ತದೆ.

ಸ್ಪ್ಲೈಸಿನ ಸಾಲಿನಲ್ಲಿ ತೊಡಕು ತರುವುದು ‘ಸರಾಸರಿ’ ಎಂಬ ಮಾಮೂಲಿ ಪದ. ಬೆಸೆದ ಕೂಡಲೇ ಯಂತ್ರದ ಪರದೆ 0.02 ಡಿಬಿ ಎಂದು ತೋರಿಸುತ್ತದೆ. ಅದು ಎಳೆಗಳ ಚಿತ್ರ ನೋಡಿ ಯಂತ್ರ ಕಟ್ಟಿದ ಅಂದಾಜು. ಪರೀಕ್ಷೆಗೆ ಓಟಿಡಿಆರ್ ಬೇಕು. ಅದು ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟು, ಚದುರಿ ಹಿಂದಕ್ಕೆ ಬಂದದ್ದನ್ನು ಅಳೆಯುತ್ತದೆ. ಆದರೆ ಬೇರೆ ಬೇರೆ ತಯಾರಿಕೆಯ ಎರಡು ಎಳೆಗಳು ಬೆಳಕನ್ನು ಒಂದೇ ಪ್ರಮಾಣದಲ್ಲಿ ಹಿಂದಕ್ಕೆ ಕಳಿಸುವುದಿಲ್ಲ. ಹಾಗಾಗಿ ಒಂದು ತುದಿಯಿಂದ ನೋಡಿದರೆ ಸ್ಪ್ಲೈಸಿನಲ್ಲಿ ಬೆಳಕು 0.06 ಡಿಬಿ ಹೆಚ್ಚಾದಂತೆ ಕಾಣಬಹುದು. ಬೆಸುಗೆಯಲ್ಲಿ ಬೆಳಕು ಹುಟ್ಟುವುದುಂಟೇ? ಇನ್ನೊಂದು ತುದಿಯಿಂದ ಅಳೆದರೆ ಅದೇ ಜಾಗ 0.14 ಡಿಬಿ ಕಳೆದಂತೆ ಕಾಣುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದಾಗ ಸಿಗುವ 0.04 ಡಿಬಿಯೇ ನಿಜವಾದ ಸ್ಪ್ಲೈಸ್ ಲಾಸ್.

ಸೂಚನೆಯಲ್ಲಿರುವುದು ಈ ಸರಾಸರಿ. ‘ಸರಾಸರಿ ಸ್ಪ್ಲೈಸ್ ಲಾಸ್ 0.1 ಮೀರಬಾರದು’ ಎಂದಷ್ಟೇ ಕನ್ನಡದಲ್ಲಿ ಬರೆದರೆ ಏಳೂ ಸ್ಪ್ಲೈಸನ್ನು ಕೂಡಿಸಿ ಏಳರಿಂದ ಭಾಗಿಸುತ್ತಾರೆ. ಆರು ಕಡೆ 0.04, ಒಂದು ಕಡೆ 0.4 ಇದ್ದರೂ ಉತ್ತರ 0.09 ಬರುತ್ತದೆ, ಬಿಚ್ಚಿ ಮತ್ತೆ ಬೆಸೆಯಬೇಕಿದ್ದ ಸ್ಪ್ಲೈಸ್ ಹಾಗೇ ಮಣ್ಣಿನಡಿ ಹೋಗುತ್ತದೆ. ‘ಒಂದೊಂದು ಸ್ಪ್ಲೈಸನ್ನೂ ಎರಡೂ ತುದಿಯಿಂದ ಅಳೆದು, ಆ ಎರಡು ಅಂಕಿಗಳ ಸರಾಸರಿ ತೆಗೆಯಿರಿ, ಯಾವ ಸ್ಪ್ಲೈಸಿನದೂ 0.1 ಡಿಬಿ ಮೀರಬಾರದು’ ಎಂದು ಬರೆಯಬೇಕು. ವಾಕ್ಯ ಉದ್ದವಾಯಿತು ಎಂದು ಸಂಪಾದಕರು ಗೊಣಗಿದರೆ ಗೊಣಗಲಿ. ಅಂದ ಹಾಗೆ, ಇಲ್ಲಿ ‘ಜಾಯಿಂಟ್’ ಎನ್ನದಿರುವುದು ಲೇಸು. ಕೆಲಸದ ಜಾಗದಲ್ಲಿ ಆ ಪದ ಇಪ್ಪತ್ತನಾಲ್ಕು ಎಳೆಗಳ ಬೆಸುಗೆ ಹೊತ್ತ ಇಡೀ ಡಬ್ಬಿಗೂ ಸಲ್ಲುತ್ತದೆ.

ಇನ್ನು ರಿಟರ್ನ್ ಲಾಸ್. ಇದರ ನಡೆ ಉಲ್ಟಾ. ಕನೆಕ್ಟರಿಗೆ ಬಂದ ಬೆಳಕಿನಲ್ಲಿ ಎಷ್ಟು ಪಾಲು ಪ್ರತಿಫಲಿಸಿ ಹಿಂದಿರುಗಿತು ಎಂಬುದರ ಲೆಕ್ಕ ಇದು: 50 ಡಿಬಿ ಎಂದರೆ ಲಕ್ಷದಲ್ಲೊಂದು ಪಾಲು, 60 ಎಂದರೆ ಹತ್ತು ಲಕ್ಷದಲ್ಲೊಂದು. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು, ಅದಕ್ಕೇ ಸೂಚನೆಯಲ್ಲಿ ‘ಕನಿಷ್ಠ 60’ ಎಂದಿರುತ್ತದೆ. ‘ನಷ್ಟ ಕನಿಷ್ಠ 60’ ಎಂದು ಓದಿದ ಕರಡು ತಿದ್ದುವವರು ಇದು ಅಚ್ಚಿನ ತಪ್ಪೆಂದು ತಿಳಿದು ‘ಗರಿಷ್ಠ’ ಮಾಡಿದರೆ ಅವರನ್ನು ದೂರುವಂತಿಲ್ಲ. ರಿಟರ್ನ್ ಲಾಸ್ ಎಂಬ ಹೆಸರನ್ನು ಹಾಗೇ ಉಳಿಸಿಕೊಂಡು, ಪಕ್ಕದಲ್ಲಿ ‘ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು ಬರೆಯುವುದೇ ಕ್ಷೇಮ.

ಈ 60 ಡಿಬಿ ಕೊಡುವುದು ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿದ ಎಪಿಸಿ ಕನೆಕ್ಟರ್; ಅದರ ಬಣ್ಣ ಹಸಿರು. ನೀಲಿ ಬಣ್ಣದ ಯುಪಿಸಿ ಕನೆಕ್ಟರಿನ ತುದಿಯಲ್ಲಿ ಆ ಓರೆ ಇಲ್ಲ. ಎರಡೂ ಒಂದೇ ಅಡಾಪ್ಟರಿನೊಳಗೆ ಹೊಂದಿ ಕೂರುತ್ತವಾದರೂ ನಡುವೆ ಸಂದು ಉಳಿದು ಹಲವು ಡಿಬಿ ಬೆಳಕು ಅಲ್ಲೇ ಹೋಗುತ್ತದೆ. ಆದ್ದರಿಂದ ‘ಎಸ್‌ಸಿ ಕನೆಕ್ಟರ್ ಹಾಕಿ’ ಎಂಬ ಸೂಚನೆ ಅರ್ಧ ಸೂಚನೆ. ‘ಹಸಿರು ಎಸ್‌ಸಿ-ಎಪಿಸಿ, ಎರಡೂ ಕಡೆ’ ಎಂದಿದ್ದರೆ ಏಣಿಯ ಮೇಲೆ ನಿಂತವನಿಗೂ ಗೊತ್ತಾಗುತ್ತದೆ.