ಲೂಪು ತಣಿಯುವವರೆಗೆ

ಸೂಕ್ಷ್ಮಜೀವಿವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಮೊದಲು ಆರಿಸಬೇಕಾದದ್ದು ಫ್ಯಾನು. ಸೆಕೆ ಎಷ್ಟೇ ಇರಲಿ, ಬೀಸುವ ಗಾಳಿಯ ಧೂಳಿನೊಂದಿಗೆ ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಕಗಳು ತೆರೆದ ತಟ್ಟೆಗೆ ಇಳಿಯುತ್ತವೆ. ಮೇಜನ್ನು ಶೇ. 70ರ ಆಲ್ಕೊಹಾಲಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲಷ್ಟೇ ಬರ್ನರ್ ಹಚ್ಚಬೇಕು. ಒದ್ದೆ ಮೇಜಿಗೆ ಬೆಂಕಿ ಹತ್ತಬಹುದು.

ಕೊಳವೆಯಲ್ಲಿರುವ ನಿರಪಾಯಕಾರಿ ಇ. ಕೋಲಿ ತಳಿಯನ್ನು ಅಗರ್ ತಟ್ಟೆಯ ಮೇಲೆ ಗೆರೆಯೆಳೆದು ಬೆಳೆಸಬೇಕು ಎನ್ನಿ. ಲೂಪಿನ ತಂತಿಯನ್ನು ಉದ್ದಕ್ಕೂ ಕೆಂಪಾಗುವವರೆಗೆ ಕಾಯಿಸಿ, ಜ್ವಾಲೆಯ ಪಕ್ಕದಲ್ಲೇ ತಣಿಯಲು ಬಿಡಬೇಕು. ಹೊಸಬರು ಅವಸರ ಮಾಡುವುದು ಇಲ್ಲೇ. ಬಿಸಿ ಲೂಪು ಚುರ್ ಎಂದರೆ ಜೀವಕೋಶಗಳು ಸತ್ತವು, ಜೀವಿಗಳಿರುವ ಸಣ್ಣ ಹನಿಗಳು ಗಾಳಿಗೂ ಸಿಡಿದವು. ಬೇಗ ಆರಲೆಂದು ಊದುವವರೂ ಇದ್ದಾರೆ! ಬಾಯಿಯ ಬ್ಯಾಕ್ಟೀರಿಯಾ ಲೂಪಿಗೇರಿದರೆ ಕಾಯಿಸಿದ್ದೇ ವ್ಯರ್ಥ.

ಕೊಳವೆಯ ಹತ್ತಿ ಬಿರಡೆಯನ್ನು ಮೇಜಿನ ಮೇಲಿಡದೆ, ಲೂಪು ಹಿಡಿದ ಕೈಯ ಕಿರುಬೆರಳಲ್ಲೇ ಸಿಕ್ಕಿಸಿಕೊಳ್ಳಬೇಕು. ಕೊಳವೆಯ ಬಾಯನ್ನು ಜ್ವಾಲೆಗೆ ತೋರಿಸಿ, ಓರೆಯಾಗಿ ಹಿಡಿದು ಲೂಪು ಅದ್ದುತ್ತಾರೆ. ತಟ್ಟೆಯ ಮುಚ್ಚಳವನ್ನು ಒಂದು ಬದಿ ಎತ್ತಿದರೆ ಸಾಕು. ಗೆರೆಯೆಳೆದ ಮೇಲೆ ಲೂಪನ್ನು ಮತ್ತೆ ಕಾಯಿಸದೆ ಕೆಳಗಿಡುವಂತಿಲ್ಲ.

ತಲೆಕೆಳಗಾಗಿಟ್ಟ ತಟ್ಟೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಕಳೆದರೆ ಗೆರೆಗಳ ಮೇಲೆ ಮಾಸಲು ಬಿಳುಪಿನ ಚುಕ್ಕೆಗಳು ಮೂಡುತ್ತವೆ. ಗೆರೆಯಿಂದ ದೂರದಲ್ಲಿ ಒಂಟಿಯಾಗಿ ಹಳದಿ ಚುಕ್ಕೆ ಕಂಡರೆ ಅದು ಬಹುಪಾಲು ಗಾಳಿಯಿಂದ ಬಿದ್ದದ್ದು. ಗೆರೆಯ ಉದ್ದಕ್ಕೂ ಎರಡು ಬಗೆ ಬೆಳೆದಿದ್ದರೆ ಲೂಪನ್ನೋ ಮೂಲ ಕೊಳವೆಯನ್ನೋ ಶಂಕಿಸಬೇಕು. ಜೊತೆಗಿಟ್ಟ, ಏನನ್ನೂ ಸೋಕಿಸದ ತಟ್ಟೆಯಲ್ಲೂ ಬೆಳವಣಿಗೆ ಕಂಡರೆ ತಪ್ಪು ವಿದ್ಯಾರ್ಥಿಯ ಕೈಯದ್ದಲ್ಲ. ಅಗರ್ ತಯಾರಿಸಿ ಸುರಿಯುವಾಗಲೇ ಕೆಟ್ಟಿರಬಹುದು.