ಕೊನೆಗೆ ಮಾತ್ರ ಕಾಣುವ ತಪ್ಪು

ಕಸುಬು ಕಲಿಯಲು ಹೋದ ಹುಡುಗನ ಕಥೆಯನ್ನು ನಾವೆಲ್ಲ ಒಂದಲ್ಲ ಒಂದು ರೂಪದಲ್ಲಿ ಓದಿದ್ದೇವೆ. ಗುರು ಅವನಿಂದ ನೀರು ಹೊರಿಸುತ್ತಾರೆ, ಅಂಗಳ ಗುಡಿಸುತ್ತಾರೆ, ವರ್ಷಗಟ್ಟಲೆ ಉಪಕರಣ ಮುಟ್ಟಲು ಬಿಡುವುದಿಲ್ಲ. ಕೊನೆಗೊಂದು ದಿನ ತಾಳ್ಮೆಯ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ, ಹುಡುಗನ ಕಣ್ಣು ತೆರೆಯುತ್ತದೆ. ಹದಿನೈದು ಹದಿನಾರರ ಓದುಗರಿಗೆ ಈ ಕಥೆ ಒಗ್ಗುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ನೀರು ಹೊರುವುದಕ್ಕೂ ಕಸುಬಿಗೂ ಏನು ಸಂಬಂಧ ಎಂದು ಕಥೆ ಹೇಳುವುದೇ ಇಲ್ಲ. ಅಲ್ಲಿ ಹುಡುಗ ಕಲಿಯುವುದು ವಿಧೇಯತೆಯನ್ನು.

ತಾಳ್ಮೆಯ ಬಗ್ಗೆ ಈ ವಯಸ್ಸಿನವರಿಗೆ ಕಥೆ ಬರೆಯುವವರು ಮೊದಲು ಕಸುಬನ್ನು ಸರಿಯಾಗಿ ಆರಿಸಿಕೊಳ್ಳಬೇಕು. ತಾಳ್ಮೆ ಯಾಕೆ ಬೇಕು ಎಂಬುದನ್ನು ಗುರುವಿನ ಬಾಯಿಗಿಂತ ಕೈಯಲ್ಲಿರುವ ವಸ್ತುವೇ ಹೇಳುವಂಥ ಕಸುಬು ಬೇಕು. ನನಗೆ ತಿಳಿದ ಮಟ್ಟಿಗೆ ಅಂಥ ಕಥೆಗೆ ಬೀದರ್‌ನ ಬಿದ್ರಿ ಕೆಲಸದಷ್ಟು ಒದಗಿಬರುವ ಕಸುಬು ನಮ್ಮಲ್ಲಿ ಇನ್ನೊಂದಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಅಲ್ಲಿ ಬೇರುಬಿಟ್ಟ ಈ ಕಲೆ ಇಂದಿಗೂ ಅದೇ ಊರಿನ ಸಣ್ಣ ಕಾರ್ಖಾನೆಗಳಲ್ಲಿ, ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ನಡೆದಿದೆ. ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಹೊರಗಿನ ಅನೇಕರು ಬಿದ್ರಿಯ ಹೆಸರನ್ನು ಮೊದಲ ಸಲ ಕೇಳಿದರು.

ಕಥೆಯನ್ನು ಹೀಗೆ ಇಟ್ಟುಕೊಳ್ಳೋಣ. ಹತ್ತನೇ ತರಗತಿ ಪರೀಕ್ಷೆ ಮುಗಿಸಿದ ಹದಿನಾರರ ಹುಡುಗ. ಮನೆ ಪಕ್ಕದ ಉಸ್ತಾದರ ಬಳಿ ಬೇಸಿಗೆ ರಜೆಯಲ್ಲಿ ಕೆಲಸ ಕಲಿಯಲು ಬಂದಿದ್ದಾನೆ. ಅವನ ಕೈಗೆ ಸಿಗುವುದು ಅಂಗೈಯಗಲದ ಒಂದು ಡಬ್ಬಿಯ ಮುಚ್ಚಳ. ಅದರ ಮೇಲೆ ಒಂದೇ ಬಳ್ಳಿ, ಏಳು ಎಲೆ. ಇಡೀ ಕಥೆ ಈ ಮುಚ್ಚಳವೊಂದರದ್ದೇ ಆಗಿರಬೇಕು. ರಜೆ ಮುಗಿಯುವಷ್ಟರಲ್ಲಿ ಅವನು ದೊಡ್ಡ ಕಲಾವಿದನಾದ ಎಂದು ಬರೆದರೆ ಅದು ಸುಳ್ಳು. ಸಣ್ಣಕಥೆಯಲ್ಲಿ ಹಿಡಿಸುವುದು ಒಂದು ತಿರುವು ಮಾತ್ರ.

ಎರಕದ ಕೆಲಸಕ್ಕೆ ಹುಡುಗನನ್ನು ಹಚ್ಚಬಾರದು, ಅದು ದೊಡ್ಡವರ ಕೆಲಸ. ಅವನು ದೂರ ನಿಂತು ನೋಡಲಿ. ಬಿದ್ರಿಯ ಲೋಹದಲ್ಲಿ ಬಹುಪಾಲು ಸತುವು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ. ಹರಳೆಣ್ಣೆ, ರಾಳ ಬೆರೆಸಿ ಹದಮಾಡಿದ ಮಣ್ಣಿನ ಅಚ್ಚಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಬಿಡಿಸಿದಾಗ ಹೊರಬರುವ ಮುಚ್ಚಳ ಒರಟಾಗಿ, ಬೂದು ಬಣ್ಣದಲ್ಲಿ, ಯಾರೂ ಎರಡನೇ ಸಲ ನೋಡದಂತೆ ಇರುತ್ತದೆ. ಆ ಒಂದು ಪಾಲು ತಾಮ್ರ ಯಾಕೆ ಎಂದು ಹುಡುಗ ಕೇಳಬೇಕು, ಉಸ್ತಾದರು ಆಗ ಉತ್ತರ ಕೊಡಬಾರದು. ಉತ್ತರ ಕಥೆಯ ಕೊನೆಯಲ್ಲಿದೆ.

ಅವನ ಕೆಲಸ ಶುರುವಾಗುವುದು ಅರದಿಂದ. ಮುಚ್ಚಳದ ಮೈಯನ್ನು ಅರದಿಂದ ಉಜ್ಜಿ, ಹೆರೆದು, ಮರಳು ಕಾಗದದಿಂದ ನುಣುಪು ಮಾಡಬೇಕು. ಆಮೇಲೆ ಮೈಲುತುತ್ತದ ನೀರನ್ನು ಬಳಿದರೆ ಮೈ ಕಪ್ಪಾಗುತ್ತದೆ. ಈ ಕಪ್ಪು ತಾತ್ಕಾಲಿಕ, ಗೀಟು ಎದ್ದು ಕಾಣಲೆಂದು ಮಾತ್ರ. ಅದರ ಮೇಲೆ ಉಸ್ತಾದರು ಚೂಪು ಮೊನೆಯಿಂದ ಅಳತೆಗೋಲಿಲ್ಲದೆ ಬಳ್ಳಿ ಬರೆದುಕೊಡುತ್ತಾರೆ. ಮುಚ್ಚಳ ಅಲುಗದಂತೆ ಬಿಗಿಮಾಡಿ, ಗೀಟಿನ ಗುಂಟ ಉಳಿ ಇಟ್ಟು ಸಣ್ಣ ಸುತ್ತಿಗೆಯಿಂದ ಹೊಡೆಯುತ್ತ ಗಾಡಿ ತೋಡಬೇಕು.

ಈ ಗಾಡಿಯ ಬಳಿ ಕಥೆ ನಿಧಾನವಾಗಬೇಕು. ಬೆಳ್ಳಿಯ ತಂತಿಯನ್ನು ಹಿಡಿದಿಡಲು ಬಿದ್ರಿಯಲ್ಲಿ ಅಂಟು ಇಲ್ಲ, ಬೆಸುಗೆ ಇಲ್ಲ. ಗಾಡಿಯ ಆಕಾರವೇ ಅದನ್ನು ಹಿಡಿಯಬೇಕು. ಹಾಗಾಗಿ ತಳ ಬಾಯಿಗಿಂತ ಕೊಂಚ ಅಗಲವಾಗಿರುವಂತೆ ಅಂಚುಗಳನ್ನು ಒಳಮುಖವಾಗಿ ಕಡಿಯುತ್ತಾರೆ. ಮೆತ್ತಗಿನ ಶುದ್ಧ ಬೆಳ್ಳಿಯ ತಂತಿಯನ್ನು ಅದರಲ್ಲಿ ಇಟ್ಟು ಸುತ್ತಿಗೆಯಿಂದ ತಟ್ಟಿದರೆ ಬೆಳ್ಳಿ ಅರಳಿ ತಳದ ಮೂಲೆಗಳಿಗೆ ಹರಡಿಕೊಳ್ಳುತ್ತದೆ, ಮತ್ತೆ ಹೊರಗೆ ಬರಲಾಗದು. ಆಳ ಸಾಲದಿದ್ದರೆ ಬೆಳ್ಳಿಗೆ ಹರಡಲು ಜಾಗವಿಲ್ಲ. ಬಾಯಿ ಅಗಲವಾದರೆ ಪಕ್ಕದಲ್ಲಿ ಸಂದು ಉಳಿಯುತ್ತದೆ. ಬಲವಾಗಿ ಹೊಡೆದರೆ ಸತುವು ಪೆಡಸಾದ ಲೋಹ, ಅಂಚು ಚಕ್ಕೆ ಎದ್ದು ಹೋಗುತ್ತದೆ. ಒಂದು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಇವೆಲ್ಲ ತೀರ್ಮಾನವಾಗುತ್ತವೆ.

ನಮ್ಮ ಹುಡುಗ ಮೊದಲ ನಾಲ್ಕು ಎಲೆಗಳನ್ನು ಚೆನ್ನಾಗಿ ತೋಡುತ್ತಾನೆ. ಹೆದರಿಕೆಯೇ ಅವನ ಕೈಯನ್ನು ನಿಧಾನ ಮಾಡಿರುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಕೆಲಸ ಗೊತ್ತಾಯಿತು ಅನ್ನಿಸಿದೆ. ಗೆಳೆಯರು ಆಟಕ್ಕೆ ಕರೆಯುತ್ತಿದ್ದಾರೆ. ಐದು, ಆರು, ಏಳನೇ ಎಲೆಗಳ ಗಾಡಿ ಮೇಲ್ನೋಟಕ್ಕೆ ಮೊದಲಿನಂತೆಯೇ ಇವೆ. ಕಪ್ಪು ಮೈಯಲ್ಲಿ ಎಲ್ಲ ಗೀಟುಗಳೂ ಒಂದೇ ರೀತಿ ಬೆಳ್ಳಗೆ ಹೊಳೆಯುತ್ತವೆ, ಆಳ ಎಷ್ಟಿದೆ ಎಂದು ಅವು ಹೇಳುವುದಿಲ್ಲ. ತಂತಿ ಕೂರಿಸಿಯೂ ಆಯಿತು. ಉಸ್ತಾದರು ಮುಚ್ಚಳವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನ ಉಗುರನ್ನು ಬಳ್ಳಿಯ ಗುಂಟ ಎಳೆಯುತ್ತಾರೆ. ಐದನೇ ಎಲೆಯ ಹತ್ತಿರ ಉಗುರು ಒಂದು ಕ್ಷಣ ನಿಲ್ಲುತ್ತದೆ.

"ಇಲ್ಲಿ ಏನ್ ಮಾಡೀದಿ?"

"ಅಲ್ಲೂ ಹಂಗೇ ಮಾಡೀನ್ರಿ ಉಸ್ತಾದ್."

"ಹಂಗೇ ಮಾಡೀದಿ ಅಂದ್ರ ಮುಂದ ಹೋಗು."

ಈ ಮಾತುಕತೆಯಲ್ಲಿ ಉಸ್ತಾದರು ಬೈಯಬಾರದು, ಎಚ್ಚರಿಕೆಯನ್ನೂ ಕೊಡಬಾರದು. ಅವರು ಹೇಳಿಬಿಟ್ಟರೆ ಹುಡುಗ ಅವರ ಮಾತನ್ನು ಪಾಲಿಸಿ ತಪ್ಪು ತಿದ್ದುತ್ತಾನೆ, ಮುಂದಿನ ಸಲ ಮತ್ತೆ ಅವರು ಹೇಳುವವರೆಗೆ ಕಾಯುತ್ತಾನೆ. ಅವರ ಉಗುರಿಗೆ ಗೊತ್ತಾದದ್ದು ಅವನ ಉಗುರಿಗೂ ಗೊತ್ತಾಗಬೇಕಿದೆ. ಒಂದು ಮುಚ್ಚಳ ಹಾಳಾಗುವುದನ್ನು ಕಂಡೂ ಸುಮ್ಮನಿರುವ ಗುರುವಿನ ತಾಳ್ಮೆ ಶಿಷ್ಯನದಕ್ಕಿಂತ ಕಷ್ಟದ್ದು. ಇಂಥ ಕಥೆಗಳಲ್ಲಿ ಅದನ್ನು ಯಾರೂ ಬರೆಯುವುದಿಲ್ಲ ಎಂಬುದು ನನ್ನ ತಕರಾರು.

ಮುಂದಿನದು ಬಿದ್ರಿಯ ವಿಚಿತ್ರ ಹಂತ. ಮೈಗಿಂತ ಮೇಲೆ ಉಳಿದ ಬೆಳ್ಳಿಯನ್ನು ಮೈಯ ಮಟ್ಟಕ್ಕೆ ಬರುವವರೆಗೆ ಮತ್ತೆ ಅರದಿಂದ ಉಜ್ಜುತ್ತಾರೆ. ಉಜ್ಜುವಾಗ ಮೈಲುತುತ್ತದ ಕಪ್ಪು ಹೊರಟುಹೋಗುತ್ತದೆ. ಸತುವಿನ ಬಣ್ಣವೂ ಬೆಳ್ಳಿಯ ಬಣ್ಣವೂ ಬಹಳ ಹತ್ತಿರ. ದಿನಗಟ್ಟಲೆ ಕೂತು ಮಾಡಿದ ಬಳ್ಳಿ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಇದೆಯೋ ಇಲ್ಲವೋ ಎಂಬಂತೆ ಕಾಣುತ್ತದೆ. ಹುಡುಗ ಅದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಗೆಳೆಯರಿಗೆ ಕಳಿಸುತ್ತಾನೆ. ಏನಿದು, ಖಾಲಿ ಮುಚ್ಚಳವಲ್ಲ ಎಂದು ಉತ್ತರ ಬರುತ್ತದೆ. ಹದಿಹರೆಯದ ಓದುಗರಿಗೆ ಈ ಹಂತ ಚೆನ್ನಾಗಿ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ. ಮಾಡಿದ್ದೆಲ್ಲ ಇದೆ, ತೋರಿಸಲು ಏನೂ ಇಲ್ಲ.

ಕೊನೆಗೆ ಕಪ್ಪು ಹಿಡಿಸುವ ದಿನ. ಬೀದರ್ ಕೋಟೆಯ ಹಳೆಯ ಕಟ್ಟಡಗಳ ಒಳಗೆ, ಬಿಸಿಲು ಮಳೆ ತಾಗದ ಜಾಗಗಳಿಂದ ತಂದ ಮಣ್ಣು ಇದಕ್ಕೆ ಬೇಕು. ಎಲ್ಲ ಮಣ್ಣೂ ಆಗುವುದಿಲ್ಲ. ಅನುಭವಿಗಳು ಚಿಟಿಕೆ ಮಣ್ಣನ್ನು ನಾಲಗೆಗೆ ತಾಗಿಸಿ ರುಚಿಯಿಂದ ಗುರುತಿಸುತ್ತಾರೆ, ಅದರಲ್ಲಿರುವ ಲವಣಗಳೇ ಅವರಿಗೆ ಬೇಕಾದದ್ದು. ಆ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಮುಚ್ಚಳಕ್ಕೆ ಉಜ್ಜುತ್ತಾರೆ. ಬೂದು ಲೋಹ ಕಣ್ಣೆದುರೇ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಹುಡುಗನ ಹಳೆಯ ಪ್ರಶ್ನೆಗೆ ಉತ್ತರ ಈಗ ಸಿಗಬೇಕು. ಬರಿಯ ಸತುವಿಗೆ ಈ ಕಪ್ಪು ಹಿಡಿಯುವುದಿಲ್ಲ. ಎರಕದ ದಿನ ಬೆರೆಸಿದ ಆ ಒಂದು ಪಾಲು ತಾಮ್ರ ಇಷ್ಟು ದಿನ ಯಾವ ಸುಳಿವೂ ಕೊಡದೆ ಒಳಗಿದ್ದು, ಈಗ ಮೈಮೇಲೆ ಕಪ್ಪಾಗಿ ಬಂದಿದೆ.

ಅದೇ ಹೊತ್ತಿಗೆ ಅವನ ತಪ್ಪೂ ಬಂದಿರುತ್ತದೆ. ಮೊದಲ ನಾಲ್ಕು ಎಲೆಗಳು ಒಂದೇ ದಪ್ಪದ ಬಿಳಿ ಗೀಟಿನಲ್ಲಿ ನಿಂತಿವೆ. ಐದನೆಯದರ ಗೀಟು ಅಲ್ಲಲ್ಲಿ ತೆಳುವಾಗಿ ತುಂಡಾಗಿದೆ, ಆಳವಿಲ್ಲದ ಗಾಡಿಯ ಬೆಳ್ಳಿಯನ್ನು ಅರ ತಿಂದುಹಾಕಿದೆ. ಏಳನೆಯದರ ತುದಿಯಲ್ಲಿ ತಂತಿಯೇ ಇಲ್ಲ, ಉಜ್ಜುವಾಗ ಕಿತ್ತುಹೋದದ್ದು ಅವನಿಗೆ ಗೊತ್ತೇ ಆಗಿಲ್ಲ. ವಾರಗಳ ಹಿಂದಿನ ಒಂದು ಸಂಜೆಯ ಅವಸರ ಈಗ ಯಾರು ಬೇಕಾದರೂ ಓದಬಹುದಾದಂತೆ ಬಿದ್ದಿದೆ.

ತಿದ್ದಬಹುದು. ಮುಚ್ಚಳದ ಕಪ್ಪು ತೆಗೆದು, ಆ ಮೂರು ಎಲೆಗಳ ಬೆಳ್ಳಿ ಕಿತ್ತು, ಮೊದಲೇ ಕಡಿದ ಜಾಗದಲ್ಲಿ ಅಂಚು ಒಡೆಯದಂತೆ ಗಾಡಿಯನ್ನು ಮತ್ತೆ ಆಳ ಮಾಡಿ, ಹೊಸ ತಂತಿ ಕೂರಿಸಿ, ಉಜ್ಜಿ, ಇಡೀ ಮೈಗೆ ಮತ್ತೆ ಕಪ್ಪು ಹಿಡಿಸಬೇಕು. ಹೊಸ ಮುಚ್ಚಳ ಮಾಡುವುದಕ್ಕಿಂತ ಇದು ಕಷ್ಟ. ಉಸ್ತಾದರು ಹೊಸದನ್ನೂ ಹಳೆಯದನ್ನೂ ಮುಂದಿಟ್ಟು ಯಾವುದು ಬೇಕೋ ತಗೋ ಅನ್ನಬೇಕು, ಹುಡುಗ ಹಳೆಯದನ್ನು ಆರಿಸಬೇಕು. ಈ ಸಲ ಒಂದೊಂದು ಎಲೆ ತೋಡಿದ ಮೇಲೂ ಅವನು ತಾನಾಗಿ ಉಗುರಾಡಿಸಿ ನೋಡುತ್ತಾನೆ. ಕಥೆ ಇಲ್ಲಿಗೆ ಮುಗಿಯಿತು. ತಿದ್ದಿದ ಮುಚ್ಚಳ ಚೆನ್ನಾಗಿ ಬಂತೇ ಎಂದು ಹೇಳುವ ಅಗತ್ಯವಿಲ್ಲ. ತಾಳ್ಮೆ ಎಂಬ ಪದವನ್ನು ಕಥೆಯಲ್ಲಿ ಎಲ್ಲೂ ಬಳಸಬೇಡಿ ಎಂಬುದು ಬರೆಯುವವರಲ್ಲಿ ನನ್ನ ಕೋರಿಕೆ.

ಮಕ್ಕಳಿಗಾಗಿ ಬರೆಯುವ ಶಿಕ್ಷಕರು, ಲೇಖಕರು ಬೀದರ್‌ಗೆ ಹೋದಾಗ ಕೋಟೆ ನೋಡಿ ಹಿಂತಿರುಗದೆ ಒಂದು ಬಿದ್ರಿ ಕಾರ್ಖಾನೆಯಲ್ಲಿ ಅರ್ಧ ದಿನ ಕೂತು ಬನ್ನಿ. ಅಂಗಡಿಯಲ್ಲಿ ಡಬ್ಬಿ ಕೊಳ್ಳುವ ಮುನ್ನ ಬೆಳ್ಳಿ ಮತ್ತು ಕಪ್ಪು ಸೇರುವ ಕಡೆ ಉಗುರು ಎಳೆದು ನೋಡಿ. ತಂತಿ ಕೂರಿಸಿದ ಒಳ್ಳೆಯ ಕೆಲಸದಲ್ಲಿ ಉಗುರು ಎಲ್ಲೂ ತಡೆಯುವುದಿಲ್ಲ. ಅಂಥ ಡಬ್ಬಿಗೆ ಬೆಲೆ ಹೆಚ್ಚು ಹೇಳಿದರೆ ಚೌಕಾಸಿ ಮಾಡಬೇಡಿ.